ಮೀಟಿಂಗಿನ ಇಂಗ್ಲಿಷಿಗೆ ಶ್ಯಾಡೋಯಿಂಗ್, ರೆಕಾರ್ಡಿಂಗ್, ಪದಗುಚ್ಛ: ಯಾರಿಗೆ ಯಾವುದು ಮೊದಲು?

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಟೆಸ್ಟಿಂಗ್ ತಂಡವನ್ನು ನೋಡಿಕೊಳ್ಳುವ ನನಗೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುವುದನ್ನು ಕೇಳಿ ಅಭ್ಯಾಸವಾಗಿದೆ. ಮೇಲ್ ಬರೆಯುವುದಕ್ಕೆ ತೊಡಕಿಲ್ಲ, ದಾಖಲೆಗಳನ್ನು ಓದಿದರೆ ಅರ್ಥವಾಗುತ್ತದೆ, ಆದರೆ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ತಮ್ಮ ಸರದಿ ಬಂದಾಗ ಮಾತು ನಡುವೆಯೇ ನಿಂತುಬಿಡುತ್ತದೆ. ಇದಕ್ಕೆ ಮೂರು ಅಭ್ಯಾಸಗಳನ್ನು ಎಲ್ಲರೂ ಸೂಚಿಸುತ್ತಾರೆ. ಇಂಗ್ಲಿಷ್ ಮಾತನ್ನು ಕೇಳುತ್ತಲೇ ಅದರ ಬೆನ್ನಿಗೇ ಉಚ್ಚರಿಸುವ ಶ್ಯಾಡೋಯಿಂಗ್ ಮೊದಲನೆಯದು, ತಮ್ಮ ಮಾತನ್ನು ತಾವೇ ರೆಕಾರ್ಡ್ ಮಾಡಿಕೊಂಡು ಕೇಳುವುದು ಎರಡನೆಯದು, ಕೆಲಸಕ್ಕೆ ಬೇಕಾದ ಪದಗಳನ್ನೂ ಪದಗುಚ್ಛಗಳನ್ನೂ ಆರಿಸಿ ಕಲಿಯುವುದು ಮೂರನೆಯದು. ಮೂರೂ ಒಳ್ಳೆಯವೇ ಆದರೂ ಇವು ಒಂದೇ ಕಾಯಿಲೆಯ ಮೂರು ಔಷಧಗಳಲ್ಲ. ಮಾತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡದೆ ಒಂದನ್ನು ಹಿಡಿದು ಕೂತವರು ಮೂರು ನಾಲ್ಕು ತಿಂಗಳು ದುಡಿದೂ ಮೀಟಿಂಗಿನಲ್ಲಿ ಮೊದಲಿನಂತೆಯೇ ತಡವರಿಸಿದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಯಾವುದನ್ನು ಆರಿಸಿಕೊಳ್ಳುವುದಕ್ಕೂ ಮೊದಲು ಒಂದೇ ಒಂದು ರೆಕಾರ್ಡಿಂಗ್ ಮಾಡಿಕೊಳ್ಳಬೇಕು. ಇದು ಅಭ್ಯಾಸವಲ್ಲ, ಪರೀಕ್ಷೆ. ನಿನ್ನೆ ಏನು ಮಾಡಿದಿರಿ, ಇಂದು ಏನು ಮಾಡುತ್ತೀರಿ, ಯಾವುದು ಅಡ್ಡಿಯಾಗಿದೆ ಎಂಬುದನ್ನು ಮನೆಯಲ್ಲಿ ಕೂತು, ಏನನ್ನೂ ಬರೆದುಕೊಳ್ಳದೆ, ಎರಡು ನಿಮಿಷ ಇಂಗ್ಲಿಷಿನಲ್ಲಿ ಫೋನಿಗೆ ಹೇಳಿ. ನಿಜವಾದ ಮೀಟಿಂಗನ್ನು ಅನುಮತಿಯಿಲ್ಲದೆ ರೆಕಾರ್ಡ್ ಮಾಡಬಾರದು. ಅಲ್ಲಿ ಇತರರ ಮಾತೂ ಕ್ಲೈಂಟಿನ ವಿಷಯವೂ ಇರುತ್ತದೆ. ಅನಂತರ ಅದನ್ನು ಕೇಳಿ, ಆಡಿದ್ದನ್ನು ಆಡಿದಂತೆಯೇ, ತಪ್ಪು ತಿದ್ದದೆ, ಕಾಗದದ ಮೇಲೆ ಬರೆಯಿರಿ, ಮತ್ತು ಮಾತು ನಿಂತ ಪ್ರತಿಯೊಂದು ಕಡೆಯೂ ಒಂದು ಅಡ್ಡಗೆರೆ ಎಳೆಯಿರಿ. ಎರಡು ನಿಮಿಷದ ಮಾತನ್ನು ಬರೆಯಲು ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು. ಬರೆಯದೆ ಕೇವಲ ಕೇಳಿದರೆ ಸಾಲದು, ಏಕೆಂದರೆ ಕೇಳುವಾಗ ನಮ್ಮ ಗಮನವೆಲ್ಲ ನಮ್ಮ ದನಿಯ ಮೇಲೆ ಹೋಗುತ್ತದೆಯೇ ಹೊರತು ಮಾತು ನಿಂತ ಜಾಗದ ಮೇಲಲ್ಲ.

ಇದೇ ವಿಷಯವನ್ನು ಒಮ್ಮೆ ಕನ್ನಡದಲ್ಲೂ ಎರಡು ನಿಮಿಷ ಹೇಳಿ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲೂ ತಡವರಿಸಿದರೆ ಇಂಗ್ಲಿಷಿನದು ಅರ್ಧ ತಪ್ಪು ಮಾತ್ರ. ಹೇಳಬೇಕಾದ ವಿಷಯವೇ ತಲೆಯಲ್ಲಿ ಜೋಡಣೆಯಾಗಿಲ್ಲ ಎಂದರ್ಥ. ಅಂಥವರು ಮೀಟಿಂಗಿಗೆ ಮೊದಲು ಮೂರು ಸಾಲಿನ ಟಿಪ್ಪಣಿ ಮಾಡಿಕೊಂಡರೆ ಈ ಮೂರು ಅಭ್ಯಾಸಗಳಿಗಿಂತ ಬೇಗ ಫಲ ಸಿಗುತ್ತದೆ.

ಗೆರೆಗಳು ಏನು ಹೇಳುತ್ತವೆ

ನಮ್ಮ ತಂಡಕ್ಕೆ ಹಾಸನದ ಕಡೆಯ ಹುಡುಗಿಯೊಬ್ಬಳು ಸೇರಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಕೆಲಸದಲ್ಲಿ ಬಹಳ ಚುರುಕು. "ಸರ್, ಹೇಳ್ಬೇಕಾಗಿರೋದೆಲ್ಲ ತಲೇಲಿ ಇರುತ್ತೆ, ಬಾಯಿಗೆ ಬರೋಷ್ಟರಲ್ಲಿ ಕೆಟ್ಟೋಗುತ್ತೆ" ಎಂದು ಅವಳು ಹೇಳಿದಾಗ ನಾನು ಮೇಲೆ ಹೇಳಿದ ಪರೀಕ್ಷೆಯನ್ನು ಮಾಡಿಸಿದೆ. ಅವಳ ಕಾಗದದಲ್ಲಿ ಒಂದು ಸಾಲು ಹೀಗಿತ್ತು: 'ಬ್ಯಾಕ್‌ಎಂಡ್ ಟೀಮ್ ಯೆಸ್ಟರ್‌ಡೇ / ದೇ ಹ್ಯಾವ್ ಟು / ದಟ್ ಟೆಸ್ಟ್ ಡೇಟಾ / ಸ್ಟಿಲ್ ನಾಟ್ ಕಮಿಂಗ್.' ಅವಳು ಹೇಳಬೇಕೆಂದಿದ್ದ ಮಾತು, 'ಬ್ಯಾಕ್‌ಎಂಡ್ ತಂಡ ನಿನ್ನೆ ಕಳಿಸಬೇಕಿದ್ದ ಟೆಸ್ಟ್ ಡೇಟಾ ಇನ್ನೂ ಬಂದಿಲ್ಲ' ಎಂಬುದು.

ಈ ಸಾಲಿನಲ್ಲಿ ಅವಳಿಗೆ ಗೊತ್ತಿಲ್ಲದ ಇಂಗ್ಲಿಷ್ ಪದ ಒಂದೂ ಇಲ್ಲ ಎಂಬುದನ್ನು ಗಮನಿಸಿ. ತೊಡಕು ಇರುವುದು ಜೋಡಣೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮತ್ತು 'ನಿನ್ನೆ ಕಳಿಸಬೇಕಿದ್ದ' ಎಂಬಂತಹ ವಿವರಣೆ ನಾಮಪದಕ್ಕಿಂತ ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ತಿರುಗುಮುರುಗು. ಕನ್ನಡದ ಸಾಲನ್ನು ತಲೆಯಲ್ಲಿಟ್ಟುಕೊಂಡು ಎಡದಿಂದ ಬಲಕ್ಕೆ ಇಂಗ್ಲಿಷ್ ಪದಗಳನ್ನು ಹಾಕುತ್ತ ಹೋದರೆ, ಎರಡನೆಯ ಮೂರನೆಯ ಪದದ ಹೊತ್ತಿಗೆ ಕ್ರಿಯಾಪದ ಬೇಕಾಗುತ್ತದೆ, ಆದರೆ ಅದು ಇನ್ನೂ ಕನ್ನಡದ ಸಾಲಿನ ಕೊನೆಯಲ್ಲೇ ಕೂತಿರುತ್ತದೆ. ಮಾತು ನಿಲ್ಲುವುದು ಅಲ್ಲಿ.

ಇಂಗ್ಲಿಷನ್ನು ಸರಾಗವಾಗಿ ಆಡುವವರೂ ಮಾತಿನ ನಡುವೆ ನಿಲ್ಲುತ್ತಾರೆ, ಆದರೆ ಹೆಚ್ಚಾಗಿ ಒಂದು ಉಪವಾಕ್ಯ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ನಿಲ್ಲುತ್ತಾರೆ. ಕಲಿಯುವವರು ಉಪವಾಕ್ಯದ ಹೊಟ್ಟೆಯಲ್ಲೇ ನಿಲ್ಲುತ್ತಾರೆ, ಕೇಳುವವರಿಗೆ ತ್ರಾಸವಾಗುವುದೂ ಅದರಿಂದಲೇ. ಹೀಗಾಗಿ ಗೆರೆಗಳ ಸಂಖ್ಯೆಗಿಂತ ಅವು ಬಿದ್ದ ಜಾಗ ಮುಖ್ಯ. ಕರ್ತೃಪದ ಆದಮೇಲೆ, ಕ್ರಿಯಾಪದಕ್ಕೆ ಮೊದಲು ಗೆರೆಗಳಿದ್ದರೆ ಸಮಸ್ಯೆ ಜೋಡಣೆಯದು. ಒಂದು ನಿರ್ದಿಷ್ಟ ಪದಕ್ಕೆ ಮೊದಲು ನಿಂತು, ಆಮೇಲೆ 'ದಟ್ ಥಿಂಗ್' ಎಂದು ಹೇಳಿ ಮುಂದೆ ಹೋಗಿದ್ದರೆ ಸಮಸ್ಯೆ ಪದದ್ದು. ಗೆರೆಗಳು ಹೆಚ್ಚಿಲ್ಲ, ಆದರೂ ಕ್ಲೈಂಟ್ ಮತ್ತೆ ಮತ್ತೆ 'ಸಾರಿ, ಕುಡ್ ಯು ಸೇ ದಟ್ ಅಗೇನ್?' ಎನ್ನುತ್ತಾರೆ, ಇಲ್ಲವೇ ಅವರು ಕೇಳಿದ ಪ್ರಶ್ನೆಯೇ ನಿಮ್ಮ ಕಿವಿಗೆ ಪೂರ್ತಿ ಸಿಗುವುದಿಲ್ಲ ಎಂದಾದರೆ ಸಮಸ್ಯೆ ಧ್ವನಿಯದು. ಮೊದಲ ಎರಡಕ್ಕೆ ಪದಗುಚ್ಛಗಳ ಅಭ್ಯಾಸ ಬೇಕು, ಮೂರನೆಯದಕ್ಕೆ ಶ್ಯಾಡೋಯಿಂಗ್.

ಪದಗುಚ್ಛ: ನನ್ನ ಮೊದಲ ಆಯ್ಕೆ

ಓದು ಬರಹ ಚೆನ್ನಾಗಿದ್ದು ಮಾತು ಮಾತ್ರ ನಿಲ್ಲುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಅಂಗಡಿಯಲ್ಲಿ ಸಿಗುವ 'ದಿನಕ್ಕೆ ಹತ್ತು ಪದ' ಬಗೆಯ ಪಟ್ಟಿಗಳನ್ನು ಅಲ್ಲ. ಕಠಿಣ ಪದ ಹೆಚ್ಚಿದಷ್ಟೂ ಮೀಟಿಂಗಿನಲ್ಲಿ ಆಯ್ಕೆಯ ಹೊರೆ ಹೆಚ್ಚುತ್ತದೆ, ಮಾತು ಇನ್ನಷ್ಟು ನಿಧಾನವಾಗುತ್ತದೆ. ಬೇಕಿರುವುದು ಕ್ರಿಯಾಪದವನ್ನು ಒಳಗಿಟ್ಟುಕೊಂಡೇ ಬರುವ ಸಿದ್ಧ ತುಂಡುಗಳು. 'ವಿ ಆರ್ ಸ್ಟಿಲ್ ವೇಟಿಂಗ್ ಫಾರ್' ಎಂಬುದು ಒಂದೇ ಉಸಿರಿಗೆ ಬಾಯಿಗೆ ಬಂದರೆ, ಕ್ರಿಯಾಪದವನ್ನು ಹುಡುಕುವ ಕೆಲಸ ಮುಗಿದೇಹೋಗಿರುತ್ತದೆ. ಉಳಿದದ್ದು ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂಬ ನಾಮಪದ ಮಾತ್ರ, ಅದು ಹೇಗೂ ನಿಮ್ಮ ಕೆಲಸದ ಪದ.

ಇದನ್ನು ಮಾಡುವ ಕ್ರಮ ಸರಳ. ಒಂದು ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ, ಆ ದಿನದ ಮೀಟಿಂಗಿನಲ್ಲಿ ಹೇಳಬೇಕೆಂದು ಹೇಳಲಾಗದೆ ಹೋದ ಮಾತನ್ನು ಎಡಕ್ಕೆ ಕನ್ನಡದಲ್ಲಿ ಬರೆಯಬೇಕು. ಬಲಕ್ಕೆ ಅದರ ಇಂಗ್ಲಿಷನ್ನು ಬರೆಯುವಾಗ ಎರಡು ನಿಯಮ ಪಾಲಿಸಬೇಕು: ಉದ್ದದ ಕನ್ನಡ ವಾಕ್ಯವನ್ನು ಎರಡಾಗಿ ಒಡೆಯಬೇಕು, ಮತ್ತು ಮುಖ್ಯ ಸುದ್ದಿಯನ್ನು ಮೊದಲು ಹೇಳಬೇಕು. ಆ ಹುಡುಗಿಯ ಸಾಲು ಹೀಗೆ ಒಡೆದಾಗ 'ವಿ ಆರ್ ಸ್ಟಿಲ್ ವೇಟಿಂಗ್ ಫಾರ್ ದ ಟೆಸ್ಟ್ ಡೇಟಾ. ಇಟ್ ವಾಸ್ ಡ್ಯೂ ಯೆಸ್ಟರ್‌ಡೇ' ಎಂದಾಯಿತು. ನಾಮಪದಕ್ಕೆ ಮೊದಲು ಬರುತ್ತಿದ್ದ 'ನಿನ್ನೆ ಕಳಿಸಬೇಕಿದ್ದ' ಎಂಬ ವಿವರಣೆ ತಾನೇ ಒಂದು ಪುಟ್ಟ ವಾಕ್ಯವಾಗಿ ಹಿಂದಕ್ಕೆ ಹೋಯಿತು. ಹೀಗೆ ಒಡೆದ ಇಂಗ್ಲಿಷ್ ಬಡಕಲು ಎಂದು ಯಾರೂ ತಿಳಿಯಬೇಕಿಲ್ಲ. ಮೀಟಿಂಗಿನಲ್ಲಿ ಚೆನ್ನಾಗಿ ಮಾತನಾಡುವವರ ವಾಕ್ಯಗಳನ್ನು ಬರೆದು ನೋಡಿದರೆ ಹೆಚ್ಚಿನವು ಇಷ್ಟೇ ಗಿಡ್ಡ.

ಅಭ್ಯಾಸ ಮಾಡುವಾಗ ಬಲಭಾಗವನ್ನು ಕೈಯಿಂದ ಮುಚ್ಚಿ, ಎಡಗಡೆಯ ಕನ್ನಡವನ್ನು ನೋಡಿ, ಎರಡು ಸೆಕೆಂಡಿನೊಳಗೆ ಇಂಗ್ಲಿಷನ್ನು ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ವಾರಕ್ಕೆ ಐದಾರು ಸಾಲಿಗಿಂತ ಹೆಚ್ಚು ಸೇರಿಸಬೇಡಿ. ಕೆಲಸದ ಸ್ಥಿತಿ ಹೇಳಲು, ಸಮಯ ಕೇಳಲು, ಒಪ್ಪಿಗೆಯಿಲ್ಲ ಎಂದು ತಿಳಿಸಲು, ಇನ್ನೊಬ್ಬರ ಮಾತಿನ ನಡುವೆ ಸೌಜನ್ಯದಿಂದ ಬಾಯಿ ಹಾಕಲು, ಈ ನಾಲ್ಕಕ್ಕೆ ಸೇರಿ ಇಪ್ಪತ್ತೈದು ಮೂವತ್ತು ತುಂಡುಗಳಿದ್ದರೆ ಬೆಳಗಿನ ಮೀಟಿಂಗುಗಳಲ್ಲಿ ಬಹುಪಾಲು ನಡೆದುಹೋಗುತ್ತದೆ. ಇವುಗಳಲ್ಲಿ ಸಮಯ ಕೊಡಿಸುವ ಒಂದು ತುಂಡನ್ನು ಎಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಿ: 'ಲೆಟ್ ಮಿ ಚೆಕ್ ಅಂಡ್ ಗೆಟ್ ಬ್ಯಾಕ್ ಟು ಯು.' ಉತ್ತರ ಗೊತ್ತಿಲ್ಲದಾಗ ಮೌನವಾಗಿರುವುದಕ್ಕೂ ಹೀಗೆ ಹೇಳುವುದಕ್ಕೂ ಬಹಳ ಅಂತರವಿದೆ.

ಪದಗಳನ್ನು ಆರಿಸುವಾಗ ನಮ್ಮ ಊರಿನ ಇಂಗ್ಲಿಷಿಗೂ ಹೊರಗಿನವರ ಇಂಗ್ಲಿಷಿಗೂ ಅರ್ಥ ಬೇರೆಯಾಗುವ ಕಡೆಗಳನ್ನು ನೋಡಿಕೊಳ್ಳಬೇಕು. 'ಐ ಹ್ಯಾವ್ ಎ ಡೌಟ್' ಎಂದು ನಾವು ಒಂದು ಪ್ರಶ್ನೆಯಿದೆ ಎಂಬ ಅರ್ಥದಲ್ಲಿ ಹೇಳುತ್ತೇವೆ. ಅಮೆರಿಕದ ಅಥವಾ ಬ್ರಿಟನ್ನಿನ ಕಿವಿಗೆ ಅದು 'ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆಯಿಲ್ಲ' ಎಂಬಂತೆ ಕೇಳಿಸಬಹುದು. 'ಐ ಹ್ಯಾವ್ ಎ ಕ್ವೆಶ್ಚನ್' ಎಂದರೆ ತೊಂದರೆಯಿಲ್ಲ. ಭಾರತದವರೇ ಇರುವ ಮೀಟಿಂಗಿನಲ್ಲಿ ಇದನ್ನು ಬದಲಾಯಿಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ದಾರಿಯ ಮಿತಿಯೆಂದರೆ, ಅನಿರೀಕ್ಷಿತ ಪ್ರಶ್ನೆ ಬಂದಾಗ ಸಿದ್ಧ ತುಂಡು ಸಾಲದೆ ಹೋಗುತ್ತದೆ. ತುಂಡು ಬಾಯಿಗೆ ಬಂದಿದೆ, ಆದರೆ ಅದರಾಚೆ ಮಾತು ಬೆಳೆಯುತ್ತಿಲ್ಲ ಎಂಬುದಕ್ಕೆ ಗುರುತು, ಒಂದೇ ತುಂಡು ಒಂದೇ ರೆಕಾರ್ಡಿಂಗಿನಲ್ಲಿ ಮೂರು ನಾಲ್ಕು ಸಲ ಕಾಣಿಸಿಕೊಳ್ಳುವುದು. ಆಗ ರೆಕಾರ್ಡಿಂಗನ್ನು ಪರೀಕ್ಷೆಯಾಗಿ ಅಲ್ಲ, ಅಭ್ಯಾಸವಾಗಿಯೇ ಬಳಸಬೇಕು.

ರೆಕಾರ್ಡಿಂಗ್: ಒಂದೇ ಮಾತು, ಕಡಿಮೆ ಸಮಯ

ದಿನಕ್ಕೊಂದು ಹೊಸ ವಿಷಯದ ಮೇಲೆ ಮಾತಾಡಿ ರೆಕಾರ್ಡ್ ಮಾಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಭಾಷಾ ಬೋಧನೆಯಲ್ಲಿ ನಾಲ್ಕು-ಮೂರು-ಎರಡು ಎಂಬ ಒಂದು ಕ್ರಮವಿದೆ. ಕೀತ್ ಮಾರಿಸ್ 1983ರಲ್ಲಿ ಇದನ್ನು ಬರೆದರು, ನ್ಯೂಜಿಲೆಂಡಿನ ಪಾಲ್ ನೇಷನ್ ಇದಕ್ಕೆ ಪ್ರಚಾರ ಕೊಟ್ಟರು. ಒಂದೇ ವಿಷಯವನ್ನು ಮೊದಲ ಕೇಳುಗನಿಗೆ ನಾಲ್ಕು ನಿಮಿಷದಲ್ಲಿ, ಎರಡನೆಯವನಿಗೆ ಮೂರು ನಿಮಿಷದಲ್ಲಿ, ಮೂರನೆಯವನಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಏನು ಹೇಳಬೇಕೆಂಬ ಯೋಚನೆ ಮೊದಲ ಸುತ್ತಿನಲ್ಲೇ ಮುಗಿಯುವುದರಿಂದ, ಉಳಿದ ಸುತ್ತುಗಳಲ್ಲಿ ಗಮನವೆಲ್ಲ ಜೋಡಣೆಯ ವೇಗಕ್ಕೆ ಸಿಗುತ್ತದೆ. ನೆಲ್ ಡಿ ಯಾಂಗ್ ಮತ್ತು ಚಾರ್ಲ್ಸ್ ಪರ್ಫೆಟಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಿಷಯವನ್ನು ಹೀಗೆ ಮರುಹೇಳಿದ ವಿದ್ಯಾರ್ಥಿಗಳಲ್ಲಿ ಬಂದ ಸರಾಗತೆ ಆಮೇಲೆ ಹೊಸ ವಿಷಯದ ಮಾತಿನಲ್ಲೂ ಉಳಿಯಿತು. ಪ್ರತಿ ಸಲ ಬೇರೆ ವಿಷಯದ ಮೇಲೆ ಮಾತಾಡಿದವರಲ್ಲಿ ಹಾಗೆ ಉಳಿಯಲಿಲ್ಲ.

ಸ್ಟ್ಯಾಂಡ್‌ಅಪ್ ಮೀಟಿಂಗಿನ ಸರದಿ ಎರಡು ನಿಮಿಷ ದಾಟುವುದಿಲ್ಲವಾದ್ದರಿಂದ ನಾವು ಇದನ್ನು ಎರಡು ನಿಮಿಷ, ಒಂದೂವರೆ ನಿಮಿಷ, ಒಂದು ನಿಮಿಷ ಎಂದು ಇಳಿಸಿಕೊಂಡೆವು. ಕೇಳುಗರ ಬದಲು ಫೋನು. ಮೂರೂ ಸುತ್ತುಗಳನ್ನು ರೆಕಾರ್ಡ್ ಮಾಡಿ, ಮೊದಲನೆಯದು ಮತ್ತು ಮೂರನೆಯದನ್ನು ಮಾತ್ರ ಕೇಳಬೇಕು. ಇಲ್ಲಿ ಆಗುವ ತಪ್ಪೊಂದಿದೆ: ಸಮಯ ಕಡಿಮೆಯಾದಂತೆ ಕೆಲವರು ವಿಷಯವನ್ನೇ ಕತ್ತರಿಸಿ ಹಗುರ ಮಾಡಿಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಹೇಳಿದ ಸಂಗತಿಗಳನ್ನು ಎಣಿಸಿ, ಮೂರನೆಯದರಲ್ಲೂ ಅಷ್ಟೇ ಇವೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಇನ್ನೊಂದು ತಪ್ಪು, ಮೂರು ಸುತ್ತಿನಲ್ಲೂ ಒಂದೇ ವ್ಯಾಕರಣದ ತಪ್ಪು ಗಟ್ಟಿಯಾಗಿ ಕೂತುಬಿಡುವುದು. ಅದಕ್ಕಾಗಿ ಎರಡನೆಯ ಮತ್ತು ಮೂರನೆಯ ಸುತ್ತಿನ ನಡುವೆ ನೋಟ್‌ಬುಕ್ಕನ್ನು ಒಮ್ಮೆ ತೆರೆದು, ಒಂದೇ ಒಂದು ಸಾಲನ್ನು ತಿದ್ದಿಕೊಂಡು ಮುಂದುವರಿಯಬೇಕು.

ತಮ್ಮ ದನಿಯನ್ನು ಕೇಳಲು ಅನೇಕರಿಗೆ ಹಿಂಸೆಯಾಗುತ್ತದೆ. ಮಾತಾಡುವಾಗ ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ, ರೆಕಾರ್ಡಿಂಗಿನಲ್ಲಿ ಅದು ತೆಳ್ಳಗೆ, ಪರಕೀಯವಾಗಿ ಕೇಳಿಸುತ್ತದೆ. ಇತರರಿಗೆ ಅದೇ ನಿಮ್ಮ ಎಂದಿನ ದನಿ. ಒಂದು ವಾರದಲ್ಲಿ ಈ ಮುಜುಗರ ಕಳೆಯುತ್ತದೆ.

ಶ್ಯಾಡೋಯಿಂಗ್: ಕಿವಿಗೆ ಮೊದಲು, ಬಾಯಿಗೆ ಆಮೇಲೆ

ಶ್ಯಾಡೋಯಿಂಗ್ ಮೊದಲು ಬಳಕೆಯಲ್ಲಿದ್ದದ್ದು ಭಾಷಣಗಳನ್ನು ಅಲ್ಲಲ್ಲೇ ಅನುವಾದಿಸುವ ದುಭಾಷಿಗಳ ತರಬೇತಿಯಲ್ಲಿ. ಅಲ್ಲಿಂದ ಅದು ಜಪಾನಿನ ಇಂಗ್ಲಿಷ್ ತರಗತಿಗಳಿಗೆ ಬಂದು ಬೇರೂರಿತು. ಅಲ್ಲಿನ ಯೋ ಹಮಾಡ ಮುಂತಾದವರ ಸಂಶೋಧನೆಗಳು ಮುಖ್ಯವಾಗಿ ತೋರಿಸಿದ್ದು ಆಲಿಸುವ ಶಕ್ತಿಯ ಸುಧಾರಣೆಯನ್ನು, ಅದರಲ್ಲೂ ಕೆಳಹಂತದ ಕಲಿಕೆಯವರಲ್ಲಿ. ಇದನ್ನು ನೆನಪಿಡಬೇಕು, ಏಕೆಂದರೆ ಇದೊಂದೇ ಮಾತಿನ ತಡವರಿಕೆಯನ್ನು ತೆಗೆಯುತ್ತದೆ ಎಂಬ ಭರವಸೆಯಿಂದ ಹಲವರು ಶುರು ಮಾಡುತ್ತಾರೆ. ಶ್ಯಾಡೋಯಿಂಗಿನಲ್ಲಿ ಪದಗಳನ್ನು ಆರಿಸುವವರು ನೀವಲ್ಲ, ವಾಕ್ಯ ಜೋಡಿಸುವವರೂ ನೀವಲ್ಲ. ಕನ್ನಡದ ಸಾಲನ್ನು ಇಂಗ್ಲಿಷಿನ ಕ್ರಮಕ್ಕೆ ತಿರುಗಿಸುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ. ಜೋಡಣೆಯಲ್ಲಿ ನಿಲ್ಲುವವರಿಗೆ ಅದು ಹೆಚ್ಚು ನೆರವಾಗದಿರಲು ಕಾರಣ ಇದೇ.

ಆದರೆ ಧ್ವನಿಯ ವಿಷಯದಲ್ಲಿ ಅದಕ್ಕೆ ಸಮನಾದದ್ದು ಈ ಮೂರರಲ್ಲಿ ಬೇರೆಯಿಲ್ಲ. ಕನ್ನಡದಲ್ಲಿ ಸ್ವರ ಹ್ರಸ್ವವೋ ದೀರ್ಘವೋ ಎಂಬುದರಿಂದ ಅರ್ಥ ಬದಲಾಗುತ್ತದೆ, ಯಾವ ಅಕ್ಷರದ ಮೇಲೆ ಒತ್ತು ಬಿತ್ತು ಎಂಬುದರಿಂದ ಅಲ್ಲ. ಇಂಗ್ಲಿಷಿನಲ್ಲಿ ಒತ್ತು ಬೀಳದ ಸ್ವರಗಳು ಸೊರಗಿಹೋಗುತ್ತವೆ. ಇದರ ಪರಿಣಾಮ ಎಷ್ಟಿರಬಹುದು ಎಂಬುದಕ್ಕೆ 'ಕ್ಯಾನ್' ಮತ್ತು 'ಕ್ಯಾಂಟ್' ಒಂದು ನಿದರ್ಶನ. ಅಮೆರಿಕದವರು ವಾಕ್ಯದ ನಡುವೆ 'ಆಗುತ್ತದೆ' ಎಂಬ ಅರ್ಥದ ಪದವನ್ನು ಬಹುಮಟ್ಟಿಗೆ 'ಕನ್' ಎಂದು ನುಂಗಿ ಹೇಳುತ್ತಾರೆ. 'ಆಗುವುದಿಲ್ಲ' ಎಂಬುದನ್ನು ಪೂರ್ತಿ ಸ್ವರದೊಂದಿಗೆ ಹೇಳಿ, ಕೊನೆಯ ಟಕಾರವನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತಾರೆ. ಹಾಗಾಗಿ ಅವರ ಕಿವಿ ವ್ಯತ್ಯಾಸವನ್ನು ಗುರುತಿಸುವುದು ಟಕಾರದಿಂದಲ್ಲ, ಸ್ವರದಿಂದ. ನಾವು 'ವಿ ಕ್ಯಾನ್ ಫಿನಿಶ್ ಬೈ ಫ್ರೈಡೇ' ಎಂದು ಪ್ರತಿ ಪದವನ್ನೂ ಸಮನಾಗಿ, ಸ್ಪಷ್ಟವಾಗಿ ಹೇಳಿದಷ್ಟೂ ಅವರಿಗೆ ಶುಕ್ರವಾರಕ್ಕೆ ಆಗುವುದಿಲ್ಲ ಎಂದು ಕೇಳಿಸುವ ಸಂಭವ ಹೆಚ್ಚು. ಫಿಫ್ಟೀನ್ ಮತ್ತು ಫಿಫ್ಟಿಯ ಗೊಂದಲವೂ ಒತ್ತಿನದೇ. ಇದಕ್ಕೆ ಹೋಲಿಸಿದರೆ ಎಂಜಿನಿಯರನ್ನು ಯೆಂಜಿನಿಯರ್ ಎನ್ನುವಂತಹ ನಮ್ಮ ನುಡಿಯ ಗುರುತುಗಳು ಯಾರ ಕೆಲಸವನ್ನೂ ಕೆಡಿಸುವುದಿಲ್ಲ. ಅವುಗಳನ್ನು ತಿದ್ದಲು ಸಮಯ ಕೊಡಬೇಕಾಗಿಲ್ಲ.

ಅಭ್ಯಾಸಕ್ಕೆ ಅರವತ್ತರಿಂದ ತೊಂಬತ್ತು ಸೆಕೆಂಡಿನ ಒಂದು ತುಣುಕು ಸಾಕು, ಅದರ ಬಹುತೇಕ ಎಲ್ಲ ಪದಗಳೂ ನಿಮಗೆ ಮೊದಲೇ ಗೊತ್ತಿರಬೇಕು. ವಾರ್ತಾವಾಚಕರ ಓದನ್ನು ಆರಿಸಬೇಡಿ, ಅದು ಬರೆದ ಭಾಷೆ. ಇನ್ಫೋಸಿಸ್, ವಿಪ್ರೋ ಮುಂತಾದ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಹಣಕಾಸಿನ ಫಲಿತಾಂಶದ ಬಗ್ಗೆ ವಿಶ್ಲೇಷಕರೊಂದಿಗೆ ನಡೆಸುವ ಕರೆಯ ಧ್ವನಿಮುದ್ರಣವನ್ನೂ ಲಿಖಿತ ರೂಪವನ್ನೂ ತಮ್ಮ ಜಾಲತಾಣಗಳಲ್ಲಿ ಹಾಕುತ್ತವೆ. ಅದರ ಪ್ರಶ್ನೋತ್ತರದ ಭಾಗ ನಿಜವಾದ ಮೀಟಿಂಗಿನ ಮಾತಿಗೆ ಬಹಳ ಹತ್ತಿರ. ಭಾರತೀಯರ ಉಚ್ಚಾರವೂ ಹೊರದೇಶದವರ ಉಚ್ಚಾರವೂ ಅಲ್ಲಿ ಸಿಗುತ್ತದೆ. ಮೊದಲು ಪಠ್ಯವಿಲ್ಲದೆ ಎರಡು ಸಲ ಕೇಳಿ, ಆಮೇಲೆ ಪಠ್ಯ ನೋಡುತ್ತ ಅರ್ಥ ಖಚಿತ ಮಾಡಿಕೊಳ್ಳಿ. ಮೂರನೆಯ ಹಂತದಲ್ಲಿ ಪಠ್ಯವನ್ನು ಬದಿಗಿಟ್ಟು, ಒಂದೆರಡು ಪದದಷ್ಟು ಹಿಂದೆ ಇದ್ದುಕೊಂಡು ಉಚ್ಚರಿಸಿ. ವೇಗ ಹೆಚ್ಚೆನಿಸಿದರೆ ಪ್ಲೇಯರಿನಲ್ಲಿ 0.75x ಇಟ್ಟುಕೊಳ್ಳಬಹುದು. ದಿನಕ್ಕೆ ಹತ್ತು ನಿಮಿಷದಂತೆ ಅದೇ ತುಣುಕನ್ನು ಐದು ದಿನ ಮಾಡಬೇಕು.

ಕಣ್ಣು ಪಠ್ಯದ ಮೇಲಿದ್ದರೆ ಅದು ಶ್ಯಾಡೋಯಿಂಗ್ ಆಗದೆ ಗಟ್ಟಿಯಾಗಿ ಓದುವುದಾಗುತ್ತದೆ, ಕಿವಿ ಮಲಗಿಬಿಡುತ್ತದೆ. ಸರಿಯಾಗಿ ಆಗುತ್ತಿದೆಯೇ ಎಂದು ತಿಳಿಯಲು ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು ನಿಮ್ಮ ಉಚ್ಚಾರವನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ. ಎಲ್ಲ ಪದಗಳೂ ಒಂದೇ ಎತ್ತರದಲ್ಲಿ ಸಾಲಾಗಿ ಬಂದಿದ್ದರೆ ನೀವು ಪದಗಳನ್ನು ಹಿಂಬಾಲಿಸಿದ್ದೀರಿ, ಲಯವನ್ನಲ್ಲ.

ದಿನಕ್ಕೆ ಇಪ್ಪತ್ತು ನಿಮಿಷವಿದ್ದರೆ

ಟ್ರಾಫಿಕ್ಕಿನಲ್ಲೇ ದಿನಕ್ಕೆ ಎರಡು ಗಂಟೆ ಕಳೆಯುವ ಊರಿನಲ್ಲಿ ಇದಕ್ಕಿಂತ ಹೆಚ್ಚು ಸಮಯ ಯಾರಿಗೂ ಇರುವುದಿಲ್ಲ ಎಂದಿಟ್ಟುಕೊಳ್ಳೋಣ. ಅದನ್ನು ಮೂರಕ್ಕೂ ಸಮನಾಗಿ ಹಂಚುವುದನ್ನು ನಾನು ಒಪ್ಪುವುದಿಲ್ಲ. ಜೋಡಣೆಯಲ್ಲಿ ನಿಲ್ಲುವವರು ಎಂಟು ನಿಮಿಷ ನೋಟ್‌ಬುಕ್ಕಿಗೂ ಉಳಿದದ್ದನ್ನು ಮೂರು ಸುತ್ತಿನ ರೆಕಾರ್ಡಿಂಗಿಗೂ ಕೊಟ್ಟು, ಶ್ಯಾಡೋಯಿಂಗನ್ನು ಸದ್ಯಕ್ಕೆ ಬಿಡಬೇಕು. ಮಾತು ಸರಾಗವಿದ್ದು ಎದುರಿನವರಿಗೆ ಅರ್ಥವಾಗದವರು, ಅಥವಾ ಕ್ಲೈಂಟಿನ ಮಾತು ಕಿವಿಗೆ ಹತ್ತದವರು ಹದಿನೈದು ನಿಮಿಷವನ್ನು ಶ್ಯಾಡೋಯಿಂಗಿಗೇ ಮೀಸಲಿಡಬೇಕು. ಹೊಸ ವಿಭಾಗಕ್ಕೆ ಬಂದು ಅಲ್ಲಿನ ಪದಗಳೇ ಗೊತ್ತಿಲ್ಲದವರಿಗೆ ಮೊದಲ ಮೂರು ವಾರ ನೋಟ್‌ಬುಕ್ ಒಂದೇ ಸಾಕು. ಬಸ್ಸಿನಲ್ಲೋ ಮೆಟ್ರೋದಲ್ಲೋ ಮಾಡಬಹುದಾದದ್ದು ಕನ್ನಡದ ಸಾಲು ನೋಡಿ ತುಟಿಯಲ್ಲೇ ಹೇಳಿಕೊಳ್ಳುವುದಷ್ಟೇ. ಉಳಿದೆರಡಕ್ಕೂ ಬಾಗಿಲು ಹಾಕಿದ ಕೋಣೆ ಬೇಕು, ಪೀಜಿಯಲ್ಲಿ ಇರುವವರಿಗೆ ಇದು ಸಣ್ಣ ತೊಡಕಲ್ಲ. ನಮ್ಮಲ್ಲಿ ಕೆಲವರು ಕಚೇರಿಗೆ ಅರ್ಧ ಗಂಟೆ ಮೊದಲು ಬಂದು ಖಾಲಿ ಮೀಟಿಂಗ್ ರೂಮಿನಲ್ಲಿ ಕೂರುತ್ತಿದ್ದರು.

ನಾಲ್ಕು ವಾರಕ್ಕೊಮ್ಮೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿ, ಹಳೆಯ ಕಾಗದದ ಪಕ್ಕದಲ್ಲಿಟ್ಟು ನೋಡಬೇಕು. ಹಾಸನದ ಹುಡುಗಿಯ ಎರಡನೆಯ ಕಾಗದದಲ್ಲಿ ಗೆರೆಗಳ ಸಂಖ್ಯೆ ನಾವು ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ, ಅದಕ್ಕೆ ಅವಳು ಬೇಸರಪಟ್ಟುಕೊಂಡಳು. ಆದರೆ ಹೆಚ್ಚಿನ ಗೆರೆಗಳು ವಾಕ್ಯದ ನಡುವಿನಿಂದ ವಾಕ್ಯದ ಕೊನೆಗೆ ಸರಿದಿದ್ದವು. ಮೀಟಿಂಗಿನಲ್ಲಿ ಅವಳ ಮಾತಿನ ನಡುವೆ ಬೇರೆಯವರು ಬಾಯಿ ಹಾಕಿ ವಾಕ್ಯವನ್ನು ಮುಗಿಸಿಕೊಡುವುದು ಆ ಹೊತ್ತಿಗಾಗಲೇ ನಿಂತಿತ್ತು. ಉಳಿದದ್ದು ಬೇರೆಯದೇ ಒಂದು ತೊಡಕು: ಅವಳು 'ವಿ ಕ್ಯಾನ್ ಕ್ಲೋಸ್ ಇಟ್ ಟುಡೇ' ಎಂದಾಗ ಅಮೆರಿಕದ ಮ್ಯಾನೇಜರ್ 'ಓಕೆ, ವೈ ನಾಟ್?' ಎಂದು ಕಾರಣ ಕೇಳಿದ್ದರು. ಅಂದು ಸಂಜೆ ಅವಳು ನೋಟ್‌ಬುಕ್ಕಿನ ಸಮಯವನ್ನು ಐದು ನಿಮಿಷಕ್ಕೆ ಇಳಿಸಿ, ಮೊದಲ ಶ್ಯಾಡೋಯಿಂಗ್ ತುಣುಕನ್ನು ಆರಿಸಿಕೊಂಡಳು.